ಮೂರಿರಬೇಕಾದಲ್ಲಿ ನಾಲ್ಕು ಪ್ಯಾಕೆಟ್

ಈ ಕಥೆಯನ್ನು ನಾನು ಹಲವು ಸಲ ಹೇಳಿದ್ದೇನೆ. ಸ್ಟಾಫ್ ರೂಮಿನಲ್ಲಿ ಹೇಳಿದ್ದೇನೆ, ಹಳೆಯ ವಿದ್ಯಾರ್ಥಿಗಳ ಮದುವೆಗೆ ಹೋದಾಗ ಊಟದ ಸಾಲಿನಲ್ಲಿ ಕೂತು ಹೇಳಿದ್ದೇನೆ. ಹೇಳಿದಾಗಲೆಲ್ಲ ಅದರಲ್ಲಿ ನಾನು ಒಳ್ಳೆಯ ಮೇಷ್ಟ್ರು. ಒಬ್ಬ ಹುಡುಗಿ ವಿಚಿತ್ರವಾದ ಸ್ಕ್ರೀನ್‌ಶಾಟ್ ತರುತ್ತಾಳೆ, ನಾನು ಒಂದೇ ನೋಟಕ್ಕೆ ಅದರ ಅರ್ಥ ಹಿಡಿಯುತ್ತೇನೆ, ಸಂತೋಷದಿಂದ ಸಹಿ ಹಾಕುತ್ತೇನೆ.

ಇದರಲ್ಲಿ ಸಹಿ ಮಾತ್ರ ನಿಜ.

ಕಳೆದ ತಿಂಗಳು ಟ್ರಂಕು ಖಾಲಿ ಮಾಡುವಾಗ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಒಂದು ಹಾಳೆ ಸಿಕ್ಕಿತು. ಅಂಚಿನ ತೂತುಗಳ ಪಟ್ಟಿಯನ್ನೂ ಹರಿದಿಲ್ಲ. ಶಾಯಿ ಕಂದುಬಣ್ಣಕ್ಕೆ ತಿರುಗಿದೆ. ಅದರಲ್ಲಿ ಐದು ಸಾಲುಗಳಿವೆ. ನನ್ನ ಕಥೆಗೂ ಆ ಐದು ಸಾಲಿಗೂ ತಾಳೆಯಾಗುವುದಿಲ್ಲ. ಹಾಗಾಗಿ ಮತ್ತೆ ಮೊದಲಿನಿಂದ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ತಿಪಟೂರಿನ ಒಂದು ಪಾಲಿಟೆಕ್ನಿಕ್‌ನಲ್ಲಿ ನಾನು ಕಂಪ್ಯೂಟರ್ ವಿಭಾಗದ ತಾತ್ಕಾಲಿಕ ಉಪನ್ಯಾಸಕ. ನೆಟ್‌ವರ್ಕ್ ಲ್ಯಾಬು ನನ್ನ ಪಾಲಿಗೆ ಬಂದಿತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು. ಕಿಟಕಿಗೆ ದಪ್ಪ ಹಸಿರು ಪರದೆ. ಹಳದಿಗಟ್ಟಿದ ದೊಡ್ಡ ಮಾನಿಟರುಗಳು. ಕರೆಂಟು ಹೋದ ಕೂಡಲೇ ಒಟ್ಟಿಗೆ ಅಳಲು ಶುರುಮಾಡುವ ಯುಪಿಎಸ್‌ಗಳು. ಮಾರುಕಟ್ಟೆಯ ದಿನ ಪರದೆ ಸರಿಸಿದರೆ ಕೊಬ್ಬರಿಯ ವಾಸನೆ ನೇರ ಒಳಗೆ ಬರುತ್ತಿತ್ತು. ಈಗಲೂ ಒಡೆದ ಕೊಬ್ಬರಿ ಮೂಗಿಗೆ ಹತ್ತಿದರೆ ನನಗೆ ನೆನಪಾಗುವುದು ಅಡುಗೆಮನೆಯಲ್ಲ, ಬೆಚ್ಚಗಾದ ಮಾನಿಟರು.

ಆ ಲ್ಯಾಬಿನ ಒಂದು ಪ್ರಯೋಗ ಹೀಗಿತ್ತು. ಒಂದು ಯಂತ್ರದಿಂದ ಮೂಲೆಯ ಸರ್ವರಿಗೆ ಟೆಲ್ನೆಟ್ ಮಾಡುವುದು, ಅಂದರೆ ಕೂತಲ್ಲಿಂದಲೇ ಅದರೊಳಗೆ ಲಾಗಿನ್ ಆಗುವುದು. ಎರಡರ ನಡುವೆ ಸಂಪರ್ಕ ಹುಟ್ಟುವ ಕ್ಷಣದಲ್ಲಿ ತಂತಿಯಲ್ಲಿ ಹೋದ ಬಂದ ಪ್ಯಾಕೆಟ್‌ಗಳನ್ನು, ಎಂದರೆ ಮಾಹಿತಿಯ ತುಣುಕುಗಳನ್ನು, ಒಂದು ತಂತ್ರಾಂಶದಲ್ಲಿ ಹಿಡಿಯುವುದು. ತೆರೆಯ ಚಿತ್ರ ತೆಗೆದು, ಪ್ರಿಂಟ್ ಮಾಡಿಸಿ, ರೆಕಾರ್ಡ್ ಪುಸ್ತಕದಲ್ಲಿ ಅಂಟಿಸಿ, ಪ್ರತಿ ಪ್ಯಾಕೆಟ್‌ನಲ್ಲಿ ಯಾವ ಫ್ಲಾಗ್, ಅಂದರೆ ಯಾವ ಗುರುತು, ಏರಿದೆ ಎಂದು ಪಕ್ಕದಲ್ಲಿ ಬರೆಯುವುದು. ಮೂರು ಸಾಲು ಬರಬೇಕು. ಮೊದಲನೆಯದರಲ್ಲಿ ಸಿನ್ ಮಾತ್ರ: ‘ಮಾತು ಶುರುಮಾಡೋಣ, ನನ್ನ ಎಣಿಕೆ ಈ ಸಂಖ್ಯೆಯಿಂದ’ ಎಂದು ಈ ಯಂತ್ರ ಹೇಳುತ್ತದೆ. ಎರಡನೆಯದರಲ್ಲಿ ಸಿನ್ ಮತ್ತು ಆ್ಯಕ್ ಎರಡೂ: ‘ನಿನ್ನದು ತಲುಪಿತು, ನನ್ನ ಎಣಿಕೆ ಇಲ್ಲಿಂದ’ ಎಂದು ಸರ್ವರು. ಮೂರನೆಯದರಲ್ಲಿ ಆ್ಯಕ್ ಮಾತ್ರ: ‘ನಿನ್ನದೂ ತಲುಪಿತು.’ ಅಷ್ಟೆ. ನಾನು ಬೋರ್ಡಿನ ಮೇಲೆ ಮೂರು ಬಾಣ ಎಳೆದು ತೋರಿಸುತ್ತಿದ್ದೆ. ಬಾಣಗಳು ನೇರವಾಗಿ ಬರುತ್ತಿದ್ದವು, ಅದು ನನಗೆ ಹೆಮ್ಮೆ.

ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ ರೆಕಾರ್ಡುಗಳಿಗೆ ಸಹಿ ಹಾಕುತ್ತ ಕೂತಿದ್ದೆ. ಸಹಿಯಿಲ್ಲದ ರೆಕಾರ್ಡ್ ಹಿಡಿದು ಬಂದವರನ್ನು ಪರೀಕ್ಷೆಗೆ ಕೂರಿಸುವಂತಿಲ್ಲ. ಮೂರು ಸಾಲು, ಸಹಿ. ಮೂರು ಸಾಲು, ಸಹಿ. ಒಂದರಲ್ಲಿ ನಾಲ್ಕು ಸಾಲಿದ್ದವು. ಸಿನ್, ಸಿನ್, ಸಿನ್-ಆ್ಯಕ್, ಆ್ಯಕ್. ನಾನು ಕೆಂಪು ಪೆನ್ನು ತೆಗೆದು ಎರಡನೆಯ ಸಾಲಿನ ಮೇಲೆ ಅಡ್ಡ ಗೆರೆ ಎಳೆದು ‘ತಪ್ಪು’ ಎಂದು ಬರೆದೆ.

ಆ ಪುಸ್ತಕದವಳು ಹಂದನಕೆರೆಯ ಕಡೆಯಿಂದ, ಕಾಯಿಗಳನ್ನು ಅಟ್ಟದಲ್ಲಿಟ್ಟು ಕೊಬ್ಬರಿ ಮಾಡುವ ಮನೆಯಿಂದ, ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಇದೇ ಲ್ಯಾಬಿನಲ್ಲಿ ಹಿಂದಿನ ಸಲ ಫೇಲಾಗಿದ್ದಳು, ಅವತ್ತು ಜ್ವರ ಇತ್ತಂತೆ. ಈ ಸಲವೂ ತಪ್ಪಿದರೆ ಡಿಪ್ಲೊಮಾ ಇನ್ನೊಂದು ವರ್ಷ ನಿಂತುಹೋಗುತ್ತಿತ್ತು. ಅವಳ ಮನೆಯಲ್ಲಿ ಇನ್ನೊಂದು ವರ್ಷ ಬಸ್ಸು ಹತ್ತಿಸುವುದಿಲ್ಲ ಎಂದು ಆಗಲೇ ಹೇಳಿಬಿಟ್ಟಿದ್ದರು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಗೆರೆ ಎಳೆದೆ ಎಂಬುದನ್ನು ನನ್ನ ಕಥೆಯಲ್ಲಿ ಎಂದೂ ಹೇಳಿಲ್ಲ.

ಪುಸ್ತಕ ನೋಡಿಕೊಂಡು ಅವಳು ಮೇಜಿನ ಹತ್ತಿರ ಬಂದಳು.

“ಸಾರ್, ಇದು ತಪ್ಪಲ್ಲ.”

“ಎರಡು ಸಲ ಕನೆಕ್ಟ್ ಮಾಡಿದೀಯಮ್ಮ. ಅದಕ್ಕೇ ಎರಡು ಸಿನ್ ಬಂದಿದೆ.”

“ಒಂದೇ ಸಲ ಸಾರ್.”

“ಕೈ ತಪ್ಪಿರತ್ತೆ. ಹೋಗ್ಲಿ ಬಿಡು, ಯಾರ ಹತ್ರನಾದ್ರೂ ಸರಿ ಇರೋ ಚಿತ್ರ ಈಸ್ಕೊಂಡು ಜೆರಾಕ್ಸ್ ಮಾಡ್ಸಿ ಅಂಟಿಸ್ಕೊಂಡು ಬಾ. ಸಹಿ ಹಾಕ್ತೀನಿ.”

ನಾನು ಹೇಳಿದ್ದು ಸಹಾಯದ ಮಾತು ಎಂದೇ ಅಂದುಕೊಂಡಿದ್ದೆ. ಅವಳು ಹೋಗಲಿಲ್ಲ. ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ಉಗುರಿನಿಂದ ಒಂದು ಕಡೆ ಒತ್ತಿ ಹಿಡಿದಳು.

“ಎರಡು ಸಲ ಮಾಡಿದ್ರೆ ಈ ಕಡೆಯ ಪೋರ್ಟ್ ಬದಲಾಗ್ಬೇಕಿತ್ತಲ್ವ ಸಾರ್? ಎರಡರಲ್ಲೂ ಸಾವಿರದ ನಲವತ್ತಮೂರೇ ಇದೆ. ಸೀಕ್ವೆನ್ಸ್ ನಂಬರೂ ಅದೇ.”

ನೋಡಿದೆ. ಪ್ರತಿ ಹೊಸ ಸಂಪರ್ಕಕ್ಕೂ ಯಂತ್ರ ತನ್ನ ಕಡೆಯ ಬಾಗಿಲಿನ ನಂಬರನ್ನು, ಅಂದರೆ ಪೋರ್ಟನ್ನು, ಮತ್ತು ಎಣಿಕೆ ಶುರುವಾಗುವ ಸೀಕ್ವೆನ್ಸ್ ಸಂಖ್ಯೆಯನ್ನು ಹೊಸದಾಗಿ ಆರಿಸಿಕೊಳ್ಳುತ್ತದೆ. ನಮ್ಮ ಹಳೆಯ ತಂತ್ರಾಂಶ ಸೀಕ್ವೆನ್ಸ್ ಸಂಖ್ಯೆಯನ್ನು ಪೂರ್ತಿ ಉದ್ದಕ್ಕೆ ತೋರಿಸುತ್ತಿತ್ತು. ಎರಡು ಸಿನ್‌ಗಳಲ್ಲೂ ಅದೇ ಉದ್ದ ಸಂಖ್ಯೆ, ಕೊನೆಯಲ್ಲಿ ಎಂಬತ್ತಮೂರು. ಸರ್ವರು ಕಳಿಸಿದ ಉತ್ತರದ ಆ್ಯಕ್ ಸಂಖ್ಯೆ ಎಂಬತ್ತನಾಲ್ಕರಲ್ಲಿ ಮುಗಿಯುತ್ತಿತ್ತು, ಒಂದು ಹೆಚ್ಚು, ಇರಬೇಕಾದ ಹಾಗೆ. ಸಮಯ ತೋರಿಸುವ ಎಡತುದಿಯ ಕಾಲಮ್ಮಿನಲ್ಲಿ ಮೊದಲ ಸಿನ್ ಎದುರು ಸೊನ್ನೆ, ಎರಡನೆಯದರ ಎದುರು ಮೂರು ಸೆಕೆಂಡು. ಯಾವ ಕೈ ತಪ್ಪೂ ಅಷ್ಟು ಸರಿಯಾಗಿ ಮೂರು ಸೆಕೆಂಡಿಗೆ ಆಗುವುದಿಲ್ಲ. ಉತ್ತರ ಬಾರದೆ ಹೋದರೆ ಯಂತ್ರ ಮೂರು ಸೆಕೆಂಡು ಕಾದು ಅದೇ ಪ್ಯಾಕೆಟ್ಟನ್ನು ಮತ್ತೆ ಕಳಿಸುತ್ತದೆ. ಪಾಠದಲ್ಲಿ ಇದನ್ನು ನಾನೇ ಓದಿ ಹೇಳಿದ್ದೆ. ಬೋರ್ಡಿನ ಮೇಲೆ ಅದಕ್ಕೆ ಬಾಣ ಎಳೆದಿರಲಿಲ್ಲ.

ಒಪ್ಪಿಕೊಳ್ಳುವ ಬದಲು ಕೇಳಿದೆ, “ಸರಿ, ಮೊದಲನೆಯದಕ್ಕೆ ಯಾಕೆ ಉತ್ತರ ಬರಲಿಲ್ಲ?”

“ಅದು ಗೊತ್ತಿಲ್ಲ ಸಾರ್. ಕಳಿಸಿದ್ದು ಕಾಣ್ತದೆ, ಬರದೇ ಇದ್ದದ್ದು ಎಲ್ಲಿ ಹೋಯ್ತು ಅಂತ ಕಾಣಲ್ಲ.”

ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಟೆಂಡರು ಅಲ್ಲಿಂದಲೇ ಹೇಳಿದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು.

“ಮೂಲೆ ಮಿಷನ್ನಿನ ವೈರು ಸಾ. ಕ್ಲಿಪ್ಪು ಮುರ್ದೋಗಿ ಯಾವ ಕಾಲ ಆಯ್ತು. ಈಚೆ ಬಂದ್ ಬಂದ್ ನಿಂತ್ಕತದೆ. ಕಸ ಗುಡ್ಸುವಾಗ ನಾನೇ ಎಷ್ಟೋ ಸಲ ತಳ್ಳೀನಿ.”

“ಅವತ್ತು ತಳ್ಳಿದ್ರಾ?”

“ಯಾವತ್ತು ತಳ್ಳಿಲ್ಲ ಅನ್ನೋದು ಕೇಳಿ ಸಾ.”

ಅವಳಿಗೆ ನಗು ಬಂತು, ತಡೆದುಕೊಂಡಳು. ಆಮೇಲೆ ಮೆಲ್ಲಗೆ, ಯಾರ ಮೇಲೂ ದೂರಲ್ಲ ಎನ್ನುವ ದನಿಯಲ್ಲಿ ಅಂದಳು:

“ಸಾರ್, ಸಹಿ ಆಗಿರೋ ಪುಸ್ತಕಗಳನ್ನ ಒಂದ್ಸಲ ತೆಗ್ದು ನೋಡಿ. ಪೋರ್ಟ್ ನೋಡಿ.”

ತೆಗೆದೆ. ಒಂದು ಸಾವಿರದ ಮೂವತ್ತೊಂದು. ಇನ್ನೊಂದು ಪುಸ್ತಕ, ಅದೂ ಒಂದು ಸಾವಿರದ ಮೂವತ್ತೊಂದು. ಇಡೀ ರಾಶಿಯಲ್ಲಿ ಅದೇ ಪೋರ್ಟು, ಅದೇ ಸೀಕ್ವೆನ್ಸ್ ಸಂಖ್ಯೆ, ಸಮಯದ ಕಾಲಮ್ಮಿನಲ್ಲಿ ದಶಾಂಶದವರೆಗೂ ಅದೇ ಅಂಕಿ. ಹಿಂದಿನ ವರ್ಷದ ಯಾರೋ ಹಿಡಿದ ಒಂದೇ ಒಂದು ಚಿತ್ರ ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಹುಟ್ಟಿ ಹುಟ್ಟಿ ಬಂದಿತ್ತು. ಕೆಲವುಗಳಲ್ಲಿ ಮೂಲ ಪುಸ್ತಕದ ಹೊಲಿಗೆಯ ನೆರಳೂ ಬಿದ್ದಿತ್ತು. ಅವಕ್ಕೆಲ್ಲ ನನ್ನ ಹಸಿರು ಸಹಿ. ನಿಜವಾಗಿ ಹಿಡಿದ ಒಂದಕ್ಕೆ ಕೆಂಪು ಗೆರೆ.

“ನಿಮ್ಮನೆ ಅಟ್ಟದ ಕೊಬ್ಬರೀನೂ ಹಿಂಗೇ ನೋಡ್ತೀಯೇನಮ್ಮ?” ಎಂದೆ. ತಮಾಷೆ ಮಾಡಿ ಪಾರಾಗಲು.

“ಅಲ್ಲಾಡ್ಸಿ ನೋಡ್ತೀವಿ ಸಾರ್. ಒಳಗೆ ಕೊಬ್ಬರಿ ಚಿಪ್ಪಿಂದ ಕಳಚಿದ್ರೆ ಸದ್ದು ಬರ್ತದೆ. ಹೊರಗಿಂದ ಎಲ್ಲಾ ಕಾಯಿನೂ ಒಂದೇ ಥರ.”

ಆಗಲೇ ಸಹಿ ಹಾಕಬಹುದಿತ್ತು. ಹಾಕಲಿಲ್ಲ. ಮಾಡಿ ತೋರಿಸು ಎಂದೆ. ಅವಳ ಬಸ್ಸಿಗೆ ಇನ್ನು ಅರ್ಧ ಗಂಟೆಯೂ ಇರಲಿಲ್ಲ.

ಅವಳು ಏಳನೆಯ ಯಂತ್ರದ ಮುಂದೆ ಕೂತಳು. ಮೊದಲು ಸರ್ವರಿಗೆ ಪಿಂಗ್ ಮಾಡಿ ಅದು ಇದೆ ಎಂದು ನೋಡಿಕೊಂಡಳು. ಸಂಪರ್ಕದ ಟಿಸಿಪಿ ಸಾಲುಗಳು ಮಾತ್ರ ಬರುವ ಹಾಗೆ ಮಾಡಿ ಹಿಡಿಯಲು ಬಿಟ್ಟಳು. ನಾನು ಮೂಲೆಯ ಮೇಜಿನ ಕೆಳಗೆ ತೂರಿ, ಸರ್ವರಿನ ಹಿಂದಿನ ಆ ನೆಟ್‌ವರ್ಕ್ ವೈರಿನ ಪ್ಲಗ್ ಹೊರಗೆಳೆದೆ. ಅವಳು ಎಂಟರ್ ಒತ್ತಬೇಕು, ನಾನು ಎರಡು ಎಣಿಸಿ ಸಿಕ್ಕಿಸಬೇಕು. ಆಗ ಮೊದಲ ಸಿನ್ ಕಳೆದುಹೋಗುತ್ತದೆ, ಎರಡನೆಯದಕ್ಕೆ ಉತ್ತರ ಬರುತ್ತದೆ.

“ಒತ್ತಿದೆ ಸಾರ್.”

ನನ್ನ ನೆನಪಿನಲ್ಲಿ ನಾನು ಎಣಿಸಿದೆ: ಒಂದು, ಎರಡು. ಸಿಕ್ಕಿಸಿದೆ. ತೆವಳಿಕೊಂಡು ಹೊರಗೆ ಬಂದೆ, ಪ್ಯಾಂಟಿನ ಮಂಡಿಗೆ ಧೂಳು. ಇಷ್ಟು ಸ್ಪಷ್ಟವಾಗಿ ನೆನಪಿದೆ. ಆದರೆ ಈ ಹಾಳೆಯಲ್ಲಿ ಹೀಗಿದೆ: ಸೊನ್ನೆಯಲ್ಲಿ ಸಿನ್. ಮೂರನೆಯ ಸೆಕೆಂಡಿನಲ್ಲಿ ಸಿನ್. ಒಂಬತ್ತನೆಯ ಸೆಕೆಂಡಿನಲ್ಲಿ ಇನ್ನೊಂದು ಸಿನ್, ಏಕೆಂದರೆ ಎರಡನೆಯ ಸಲ ಯಂತ್ರ ಕಾಯುವುದು ದುಪ್ಪಟ್ಟು, ಆರು ಸೆಕೆಂಡು. ಅದರ ಬೆನ್ನಿಗೇ ಸಿನ್-ಆ್ಯಕ್, ಆ್ಯಕ್.

ಐದು ಸಾಲು. ಅಂದರೆ ಮೂರನೆಯ ಸೆಕೆಂಡು ದಾಟಿದರೂ ತಂತಿ ಕೂಡಿರಲಿಲ್ಲ.

ಮುರಿದ ಕ್ಲಿಪ್ಪಿನ ಪ್ಲಗ್ ಸಲೀಸಾಗಿ ಕೂರುವುದಿಲ್ಲ, ಹಾಗಾಗಿ ತಡವಾಯಿತು ಎಂದು ಹೇಳಬಹುದು. ಕೆಳಗೆ ಕತ್ತಲಿತ್ತು ಎನ್ನಬಹುದು. ಸಿಕ್ಕಿಸದೆ ಹಾಗೇ ಹಿಡಿದುಕೊಂಡಿದ್ದರೆ ಉತ್ತರವೇ ಬಾರದೆ ಅವಳ ಮಾತು ಬಿದ್ದುಹೋಗುತ್ತಿತ್ತು ಎಂಬುದೂ ಅಷ್ಟೇ ನಿಜ. ಅದು ನನಗೆ ಆಗ ಹೊಳೆಯಿತೆ? ಮೂರಕ್ಕೂ ಒಂಬತ್ತಕ್ಕೂ ನಡುವೆ ಯಾವ ಗಳಿಗೆಯಲ್ಲಿ ಸಿಕ್ಕಿಸಿದೆ ಎಂದು ಹಾಳೆ ಹೇಳುವುದಿಲ್ಲ. ಅದು ಅವಳ ಯಂತ್ರ ಹಿಡಿದದ್ದು. ಮೇಜಿನ ಕೆಳಗಿನದು ಅದಕ್ಕೆ ಕಾಣದು. ನನಗೆ ಕಾಣಬೇಕಿತ್ತು, ಅಲ್ಲಿದ್ದವನು ನಾನೇ. ನನ್ನ ಬಳಿ ಇರುವುದು ಒಂದು, ಎರಡು ಎಂಬ ಎಣಿಕೆ ಮಾತ್ರ, ಅದೂ ಸುಳ್ಳು.

ತೆರೆಯನ್ನು ನೋಡುತ್ತ ಅವಳು ಅಂದಳು, “ಸಾರ್, ನಿಮ್ದು ಐದು ಬಂತು.”

ಅಟೆಂಡರು ಕುರ್ಚಿಯಿಂದ ಎದ್ದು ಬಂದು ಇಣುಕಿದರು. “ಐದೇ? ಹಂಗಾರೆ ನಿಮ್ಗೂ ಕೆಂಪು ಗೆರೆ ಕಣ್ರೀ ಸಾ.”

ಮೂವರೂ ನಕ್ಕೆವು. ನಾನು ಕೊನೆಗೆ ನಕ್ಕೆ.

ಸಹಿ ಹಾಕಿದೆ. ಹಸಿರು ಸಹಿ ಕೆಂಪು ಗೆರೆಯ ಕೆಳಗೆ ಬಿತ್ತು. ಅವಳು ಪುಸ್ತಕ ಎತ್ತಿಕೊಳ್ಳಲಿಲ್ಲ.

“ಸಾರ್, ಇದನ್ನ?” ಎಂದು ‘ತಪ್ಪು’ ತೋರಿಸಿದಳು. “ನಾಳೆ ಹೊರಗಿನ ಎಕ್ಸಾಮಿನರ್ ನೋಡಿದ್ರೆ ನಂದೇ ತಪ್ಪು ಅಂದ್ಕೊಳ್ತಾರೆ.”

ಅದನ್ನೂ ಹೊಡೆದು ಹಾಕಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದೆ. ಮಿಕ್ಕ ಪುಸ್ತಕಗಳನ್ನು ಮತ್ತೆ ತೆರೆಯಲಿಲ್ಲ. ಅವುಗಳ ಸಹಿಗಳು ಹಾಗೇ ಉಳಿದವು. ಪರೀಕ್ಷೆಗೆ ಎಲ್ಲರೂ ಕೂತರು, ಅವಳೂ ಕೂತಳು, ಪಾಸಾದಳು. ಎಕ್ಸಾಮಿನರು ಆ ಪುಟ ತಿರುಗಿಸಿದ್ದನ್ನೂ ನಾನು ನೋಡಲಿಲ್ಲ.

ಅವತ್ತು ಅವಳು ಹೊರಟಾಗ ನಾನು ಕೇಳಿದ್ದೆ, ಮುಂದಿನ ವರ್ಷದವರಿಗೆ ತೋರಿಸಲು ಆ ನಾಲ್ಕು ಸಾಲಿನ ಚಿತ್ರದ ಒಂದು ಪ್ರತಿ ಕೊಡುತ್ತೀಯಾ ಎಂದು. ಬಾಗಿಲ ಹೊರಗೆ ಒಂಟಿ ಕಾಲಲ್ಲಿ ನಿಂತು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು.

“ನಿಮ್ದೇ ಇದೆಯಲ್ಲ ಸಾರ್, ಐದಿರೋದು,” ಎಂದು ಬಸ್ಸಿಗೆ ಓಡಿದಳು.

ಆ ಐದು ಸಾಲನ್ನು ಅಚ್ಚು ಹಾಕುತ್ತ ಪ್ರಿಂಟರು ಇನ್ನೂ ಕಿರುಗುಟ್ಟುತ್ತಿತ್ತು. ಹಾಳೆ ಹರಿದುಕೊಂಡು ಟ್ರಂಕಿಗೆ ಹಾಕಿದವನು ನಾನೇ. ಮುಂದಿನ ವರ್ಷದವರಿಗೆ ಅದನ್ನು ತೋರಿಸಲಿಲ್ಲ.