ಅಂಗೈಯಷ್ಟು ನೀರು

ಯಮಕನಮರಡಿಯ ಹೆದ್ದಾರಿ ಬದಿಯ ಖಾನಾವಳಿಯಲ್ಲಿ ಒಮ್ಮೆ ಉಂಡವರಿಗೆ ದಾಕ್ಷಾಯಿಣಿಯ ಬಾಯಿ ಎಂಥದೆಂದು ಗೊತ್ತು. ಅವಳು ತಟ್ಟಿದ ರೊಟ್ಟಿಯನ್ನು ಯಾರಾದರೂ ಸಾರಿನಲ್ಲಿ ನೆನೆಸಿ ಮೆತ್ತಗೆ ಮಾಡಿ ತಿಂದರೋ, ಹಲ್ಲು ಮನೆಯಲ್ಲಿ ಬಿಟ್ಟು ಬಂದಿರೇನು ಎಂದು ಎಲ್ಲರ ಮುಂದೆ ಕೇಳಿಬಿಡುವ ಹೆಣ್ಣು. ಆದರೆ ಬಂದವನು ಲಾರಿ ಡ್ರೈವರನೇ ಇರಲಿ, ಸಾಹೇಬನೇ ಇರಲಿ, ಮುಂದೆ ತುಂಬಿದ ತಂಬಿಗೆ ನೀರು ಇಡದೆ ತಾಟು ಇಟ್ಟವಳಲ್ಲ. ನಲವತ್ತು ವರ್ಷ ಹೀಗೇ ನಡೆಸಿಕೊಂಡು ಬಂದಳು.

ಹೋದ ಮಳೆಗಾಲದಲ್ಲಿ ಬಚ್ಚಲಲ್ಲಿ ಕಾಲು ಜಾರಿ ಬಲಗೈ ಊರಿದಳು, ಮಣಿಕಟ್ಟು ಮುರಿಯಿತು. ಗೋಕಾಕದ ಡಾಕ್ಟರು ಕಟ್ಟು ಹಾಕಿ, ಪರೀಕ್ಷೆ ಮಾಡಿಸಿ, ಎಲುಬು ಸವೆದು ಟೊಳ್ಳಾಗಿದೆ, ಹೀಗೇ ಬಿಟ್ಟರೆ ಮುಂದಿನ ಸಲ ಸೊಂಟ ಮುರಿದೀತು ಎಂದರು. ದಾಕ್ಷಾಯಿಣಿಯ ತಾಯಿ ಬೆಲ್ಲದ ಬಾಗೇವಾಡಿಯಲ್ಲಿ ಸೊಂಟ ಮುರಿದುಕೊಂಡು, ಹನ್ನೊಂದು ತಿಂಗಳು ಹಾಸಿಗೆಯಲ್ಲೇ ಬಿದ್ದಿದ್ದು ತೀರಿಹೋದವಳು. ಏನಾದರೂ ಆಗಲಿ, ಆ ಸಾವು ಮಾತ್ರ ತನಗೆ ಬೇಡ.

ಡಾಕ್ಟರು ವಾರಕ್ಕೊಂದು ಗುಳಿಗೆ ಬರೆದುಕೊಟ್ಟರು. ಬೆಳಗ್ಗೆ ಎದ್ದು, ಏನೂ ತಿನ್ನದೆ, ಒಂದು ಗ್ಲಾಸು ತುಂಬ ಬರೇ ನೀರಿನಲ್ಲಿ ನುಂಗಬೇಕು. ಚಹಾ, ಹಾಲು ಕುಡಿದರೆ ಗುಳಿಗೆ ಮೈಗೆ ಹತ್ತುವುದಿಲ್ಲ. ಆಮೇಲೆ ಅರ್ಧ ತಾಸು ತಿನ್ನಬಾರದು, ಅಡ್ಡಾಗಬಾರದು. ಅದು ಅನ್ನನಾಳದಲ್ಲೇ ಕಚ್ಚಿಕೊಂಡು ನಿಂತರೆ ಒಳಗೆಲ್ಲ ಸುಡುತ್ತದೆ ಎಂದೂ ಹೇಳಿದರು. ಇಷ್ಟರಲ್ಲಿ ದಾಕ್ಷಾಯಿಣಿಯ ತಲೆಗೆ ಹೋದದ್ದು ‘ಬರೇ ನೀರು’. ‘ಗ್ಲಾಸು ತುಂಬ’ ಎಂಬುದು ದಾರಿಯಲ್ಲೇ ಎಲ್ಲೋ ಬಿದ್ದುಹೋಯಿತು.

ಸೋಮವಾರ ಎಂದು ದಿನ ಗೊತ್ತು ಮಾಡಿಕೊಂಡಳು. ಲಿಂಗಪೂಜೆ ಆಗುವ ತನಕ ಬಾಯಿಗೆ ಹನಿ ನೀರೂ ಮುಟ್ಟಿಸದ ನೇಮ ಅವಳದು. ಪೂಜೆ ಮುಗಿದು ಅಂಗೈಯಲ್ಲಿ ತೀರ್ಥ ತೆಗೆದುಕೊಳ್ಳುವಾಗ ಹೊಳೆಯಿತು, ಇದಕ್ಕಿಂತ ಬರೇ ನೀರು ಇನ್ನೆಲ್ಲಿ ಸಿಕ್ಕೀತು? ಗುಳಿಗೆ ನಾಲಿಗೆಯ ಮೇಲಿಟ್ಟು ಆ ಅಂಗೈ ನೀರಿನಲ್ಲೇ ಇಳಿಸಿದಳು. ಆಮೇಲೆ ಮಣೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ, ಗಡಿಯಾರ ನೋಡುತ್ತ ಪೂರ್ತಿ ಅರ್ಧ ತಾಸು ಕೂತಳು. ಸೊಸೆ ಶೋಭಾ ಚಹಾ ಹಿಡಿದು ಬಂದರೆ ಕಣ್ಣಲ್ಲೇ ಹೊರಗೆ ಅಟ್ಟಿದಳು. ಪಾಪ, ಅಷ್ಟು ಶಿಸ್ತು!

ಐದನೆಯ ಸೋಮವಾರ ಎದೆಗೂಡಿನ ನಡುವೆ ಉರಿ ಹತ್ತಿತು. ಮೆಣಸಿನಕಾಯಿಯನ್ನು ಬೈದಳು. ಆರನೆಯ ವಾರ ತುತ್ತು ಇಳಿಯುವಾಗ ಒಳಗೆ ಯಾರೋ ಗೀರಿದಂತಾಯಿತು. ಗೋಕಾಕಕ್ಕೆ ಹೋಗೋಣ ಎಂದ ಶೋಭಾಳಿಗೆ ಬೈಗುಳ ಸಿಕ್ಕಿತು. ಹೋದರೆ ಗುಳಿಗೆ ಬಿಡಿಸುತ್ತಾರೆ, ಬಿಡಿಸಿದರೆ ಸೊಂಟ, ಸೊಂಟವೆಂದರೆ ಅವ್ವನ ಹಾಸಿಗೆ. ಆ ಹೆದರಿಕೆಗೆ ನೋವನ್ನು ನುಂಗಿಕೊಂಡು ಏಳನೆಯ ಗುಳಿಗೆಯನ್ನೂ ನುಂಗಿದಳು.

ಎರಡು ದಿನದ ಮೇಲೆ ಮಧ್ಯಾಹ್ನ ಶೋಭಾ ಅಡುಗೆಮನೆಯ ಹಿಂದೆ ಹೋದಳು. ಅತ್ತೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಗಂಜಿಯಂತೆ ಕಿವಿಚಿ, ಕಣ್ಣು ಮುಚ್ಚಿ ನುಂಗುತ್ತಿದ್ದಳು. ಶೋಭಾ ಅತ್ತೆಯನ್ನು ಎಬ್ಬಿಸಿ ಹುಕ್ಕೇರಿಯ ಬಸ್ಸು ಹತ್ತಿಸಿದಳು. ಎದೆಯುರಿಯ ಔಷಧಿ ಅಷ್ಟೇ ತರೋಣ ಎಂದದ್ದಕ್ಕೆ ಅತ್ತೆ ಒಪ್ಪಿದ್ದು.

ಔಷಧಿ ಅಂಗಡಿಯ ಶ್ರೇಣಿಕ ಪ್ರತಿ ತಿಂಗಳು ಆ ಗುಳಿಗೆ ಕೊಡುವವನು. ಎದೆಯುರಿ ಎಂದ ಕೂಡಲೇ ಅವನ ಕೈ ನಿಂತಿತು.

“ಗುಳಿಗಿ ಎಷ್ಟು ನೀರಾಗ ನುಂಗ್ತೀರಿ, ಅವ್ವಾರ?”

ದಾಕ್ಷಾಯಿಣಿ ಒಂದು ಅಂಗೈ ಗುಳಿ ಮಾಡಿ ತೋರಿಸಿದಳು.

ಶ್ರೇಣಿಕ ತೆಗೆದ ಔಷಧಿಯನ್ನು ವಾಪಸು ಕಪಾಟಿಗೆ ಇಟ್ಟ. “ಇನ್ನೊಂದು ಗುಳಿಗಿ ಮುಟ್ಟಬ್ಯಾಡ್ರಿ. ಇಲ್ಲಿಂದ ಸೀದಾ ಗೋಕಾಕಕ್ಕ ಹೋಗ್ರಿ, ನಾಳಿ ಅನಬ್ಯಾಡ್ರಿ.”

ಗೋಕಾಕದಲ್ಲಿ ಬಾಯೊಳಗಿಂದ ಕೊಳವೆ ಇಳಿಸಿ ನೋಡಿದರು. ಅನ್ನನಾಳದಲ್ಲಿ ಹುಣ್ಣು. ಗುಳಿಗೆ ನಿಂತಿತು. ಹುಣ್ಣು ಮಾಯಲು ಬೇರೆ ಔಷಧಿ ಕೊಟ್ಟರು. ಎಲುಬಿನ ಔಷಧಿಯನ್ನು ಆಮೇಲೆ ರಕ್ತನಾಳಕ್ಕೆ ಸಲಾಯಿನ್ ಹಚ್ಚಿ ಕೊಡಲು ಬರುತ್ತದೆ, ಆ ಭಯ ಬೇಡ ಎಂದರು ಡಾಕ್ಟರು. ಆದರೆ ಬೇರೆಯದೇ ಒಂದು ಭಯ ಇತ್ತು. ಹುಣ್ಣು ಮಾಯುವಾಗ ನಾಳವೇ ಬಿಗಿದುಕೊಂಡರೆ ಗಟ್ಟಿ ಊಟ ಇಳಿಯುವುದು ಕಷ್ಟ. ಅದು ಎರಡು ತಿಂಗಳ ಮೇಲೆ ಮತ್ತೆ ನೋಡಿದಾಗಲೇ ತಿಳಿಯುವುದು. ಬೇರೆ ಔಷಧಿ ಇತ್ತು, ಕೇಳಿದ್ದರೆ ಸಾಕಿತ್ತು ಎಂದು ದಾಕ್ಷಾಯಿಣಿಗೆ ಅಳುವೇ ಬಂತು.

ಮನೆಗೆ ಬಂದಾಗ ಶೋಭಾ ತೆಳ್ಳಗಿನ ಗಂಜಿ ತಂದಳು. ತರುವ ಮೊದಲು ಅತ್ತೆಯ ಮುಂದೆ ತುಂಬಿದ ತಂಬಿಗೆ ಇಟ್ಟಳು.

“ಬಂದ ಮಂದಿಗೆಲ್ಲಾ ತಂಬಿಗಿ ತುಂಬಿ ಕೊಟ್ರಿ, ಅತ್ತಿ. ನಿಮಗಷ್ಟ ಯಾಕ್ರಿ ಅಂಗೈಯಷ್ಟು?”

ದಾಕ್ಷಾಯಿಣಿ ತಂಬಿಗೆ ಎತ್ತಿ ಒಂದು ಗುಟುಕು ಕುಡಿದಳು. ಗುಟುಕು ಎದೆಯ ನಡುವೆ ಬಂದು ನಿಂತಿತು. ಅವಳು ಬೆನ್ನು ನೆಟ್ಟಗೆ ಮಾಡಿ, ಅದು ಇಳಿಯುವುದನ್ನು ಕಾಯುತ್ತ ಕೂತಳು.