ಸ್ವಾಗತ ಭಾಷಣದಿಂದ ನಾನು ಹೊಡೆದುಹಾಕಿದ ಪುಟ

ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು. ಅದರ ಮೇಲೆ ಧಾರವಾಡದಲ್ಲಿ ಕನ್ನಡ ಎಂ.ಎ. ಮಾಡಿದ ಜಂಬ ಬೇರೆ. ಎಂಬತ್ತರ ದಶಕದ ಕೊನೆಯಲ್ಲಿ ರಾಯಬಾಗ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿಗೆ ಕನ್ನಡ ಕಲಿಸಲು ಹೋದಾಗ ಇವೆರಡನ್ನೂ ಟ್ರಂಕಿನ ಜೊತೆ ಹೊತ್ತುಕೊಂಡೇ ಹೋಗಿದ್ದೆ. ಆ ಊರಿನಲ್ಲಿ ಮಕ್ಕಳು ಕನ್ನಡದಲ್ಲಿ ಪಾಠ ಓದಿ, ಆಟಕ್ಕೆ ಹೋದರೆ ಅರ್ಧ ಮರಾಠಿಯಲ್ಲಿ ಜಗಳಾಡುತ್ತಿದ್ದರು. ಕೇಳಿದಾಗಲೆಲ್ಲ ನನಗೆ ಹಲ್ಲಿನಲ್ಲಿ ಕಲ್ಲು ಸಿಕ್ಕಂತಾಗುತ್ತಿತ್ತು.

ವಾರ್ಷಿಕ ಸ್ನೇಹ ಸಮ್ಮೇಳನಕ್ಕೆ ಅಲ್ಲಿಯವರು ‘ಗ್ಯಾದರಿಂಗ’ ಎನ್ನುತ್ತಿದ್ದರು. ನಾನು ಸೇರಿದ ಮೊದಲ ವರ್ಷದ ಗ್ಯಾದರಿಂಗಿನಲ್ಲಿ ಸ್ವಾಗತ ಭಾಷಣ ಮಾಡಿದವರು ಗಣಿತದ ಹಿರಿಯ ಗುರುಗಳು. ಬಿಳಿ ಟೋಪಿ, ಮೊಣಕಾಲಿನವರೆಗೆ ಬರುವ ಕೋಟು, ಕೈಯಲ್ಲಿ ನಾಲ್ಕು ಮಡಿಕೆಯ ಕಾಗದ. ಅವರು ಓದಿದ್ದೆಲ್ಲ ಮರಾಠಿ ಶಾಲೆಯಲ್ಲಿ. ಕನ್ನಡ ಅಕ್ಷರಗಳನ್ನು ನೌಕರಿಗೆ ಸೇರಿದ ಮೇಲೆ ತಾವೇ ಕಲಿತವರು. ಅಧ್ಯಕ್ಷರಿಗೆ, ಮುಖ್ಯ ಅತಿಥಿಗಳಿಗೆ, ಸಂಸ್ಥೆಯವರಿಗೆ ಒಬ್ಬೊಬ್ಬರಂತೆ ಸ್ವಾಗತ ಹೇಳಿ, ಹಾರ ಹಾಕಿಸಿ, ಆಮೇಲೆ ಕಾಗದವನ್ನು ಜೇಬಿಗೆ ಸೇರಿಸಿಬಿಟ್ಟರು. ಮೈಕು ಬಿಟ್ಟು ವೇದಿಕೆಯ ಅಂಚಿಗೆ ಬಂದು, ಕೈ ಎತ್ತಿ, ಕೆಳಗೆ ಕೂತ ಜನರನ್ನು ವಸ್ತಿ ವಸ್ತಿಯಾಗಿ, ಕೇರಿಯ ಹೆಸರು ಹಿಡಿದು ಕರೆಯತೊಡಗಿದರು. ಮಾಳಿ ತೋಟದವರು ಬಂದೀರೇನ್ರಿ? ‘ಓ, ಬಂದೇವ್ರಿ’ ಎಂದು ಒಂದು ಮೂಲೆಯಿಂದ ಹತ್ತು ಜನ ಎದ್ದರು. ಹೊಳೆದಂಡೆಯವರು? ಗುಡ್ಡದ ವಸ್ತಿಯವರು? ಬೇವಿನಕಟ್ಟಿಯವರು? ಕರೆದವರು ಎದ್ದು ನಿಂತು ‘ಓ’ ಎನ್ನಬೇಕು, ಇವರು ಕೈ ಮುಗಿಯಬೇಕು, ಅವರು ಕೂರಬೇಕು. ನಾನು ಸೆರಗು ಬಾಯಿಗೆ ಹಿಡಿದು ನಕ್ಕಿದ್ದೆ. ಇದೇನು ಸಭೆಯೋ ದನದ ಸಂತೆಯೋ ಎಂದು ಪಕ್ಕದ ಹಿಂದಿ ಟೀಚರಿಗೆ ಹೇಳಿದ್ದೂ ನೆನಪಿದೆ.

ಬೇವಿನಕಟ್ಟಿ ಎಂದರೆ ಊರ ಹೊರಗಿನ ಕೇರಿ. ಊರಿನವರು ಅದನ್ನು ಜಾತಿ ಹಿಡಿದು ಕರೆಯುತ್ತಿದ್ದರು. ಅಲ್ಲಿ ಒಂದು ಬೇವಿನ ಮರ, ಸುತ್ತ ಕಲ್ಲಿನ ಕಟ್ಟೆ ಇತ್ತು. ಹಿರಿಯ ಗುರುಗಳು ಮಾತ್ರ ಆ ಕಟ್ಟೆಯ ಹೆಸರು ಹಿಡಿದು ಕರೆದರು.

ಎರಡನೆಯ ವರ್ಷ ಚಿಕ್ಕೋಡಿಯಿಂದ ಶಿಕ್ಷಣ ಇಲಾಖೆಯ ಸಾಹೇಬರು ಮುಖ್ಯ ಅತಿಥಿಯಾಗಿ ಬರುವುದು ಗೊತ್ತಾಯಿತು. ಗಡಿಯ ಊರು, ಕನ್ನಡ ಹೇಗಿದೆ ಎಂದು ಸಾಹೇಬರು ಕಿವಿಗೊಟ್ಟು ಕೇಳುತ್ತಾರೆ ಎಂಬ ಸುದ್ದಿಯೂ ಬಂತು. ಹೆಡ್‌ಮಾಸ್ತರರಿಗೆ ಎದೆ ಹೊಡೆದುಕೊಂಡಿತು. ಹಿರಿಯ ಗುರುಗಳಿಗೆ ಅದು ಕೊನೆಯ ಗ್ಯಾದರಿಂಗು, ಮಾರ್ಚ್ ಕೊನೆಗೆ ನಿವೃತ್ತಿ. ಭಾಷಣ ಅವರಿಂದ ಕಿತ್ತುಕೊಳ್ಳುವ ಹಾಗಿಲ್ಲ. ಅದಕ್ಕೆ ಅವರ ಕಾಗದವನ್ನು ನನ್ನ ಕೈಗೆ ಕೊಟ್ಟು, ವ್ಯಾಕರಣ ನೋಡಿ, ಭಾಷೆಗೆ ಸ್ವಲ್ಪ ಗಾಂಭೀರ್ಯ ತಂದು ಕೊಡಬೇಕೆಂದರು.

ನಾನು ಕೆಂಪು ಶಾಯಿಯ ಪೆನ್ನು ತುಂಬಿಸಿಕೊಂಡು ಕೂತೆ. ಅಲ್ಪನಿಗೆ ಐಶ್ವರ್ಯ ಬಂದಿತ್ತು. ‘ನಮ್ಮ ಶಾಳೆಯ ಗ್ಯಾದರಿಂಗಕ್ಕೆ ಬಂದ ಪಾವಣ್ಯಾರಿಗೆ ಸ್ವಾಗತ ಮಾಡತೇವೆ’ ಎಂದು ಅವರು ಬರೆದದ್ದು ‘ನಮ್ಮ ಶಾಲೆಯ ವಾರ್ಷಿಕ ಸ್ನೇಹ ಸಮ್ಮೇಳನಕ್ಕೆ ಆಗಮಿಸಿರುವ ಅತಿಥಿಗಳಿಗೆ ಹಾರ್ದಿಕ ಸ್ವಾಗತ ಕೋರುತ್ತೇವೆ’ ಎಂದಾಯಿತು. ಬಕ್ಷೀಸು ಹೋಗಿ ಬಹುಮಾನ ಬಂತು. ಸಾಹೇಬರಿಗೆ ಒಂದು ಸಾಲಿನಲ್ಲಿ ‘ನೀವು’ ಎಂದೂ ಇನ್ನೊಂದರಲ್ಲಿ ‘ತಾವು’ ಎಂದೂ ಇತ್ತು. ಎಲ್ಲವನ್ನೂ ತಾವು ಮಾಡಿ, ಕ್ರಿಯಾಪದಗಳನ್ನು ಅದಕ್ಕೆ ಹೊಂದಿಸಿದೆ. ಸಂಸ್ಥೆಯ ಅಧ್ಯಕ್ಷರ ಗುಣಗಾನ ಒಂದೂವರೆ ಪುಟ ಇತ್ತು, ಎರಡು ವಾಕ್ಯಕ್ಕೆ ಇಳಿಸಿದೆ. ಸ್ವಾಗತದ ಕ್ರಮವನ್ನೂ ಸರಿಪಡಿಸಿದೆ: ಮೊದಲು ಅಧ್ಯಕ್ಷತೆ ವಹಿಸಿದವರು, ಆಮೇಲೆ ಮುಖ್ಯ ಅತಿಥಿ, ಸಂಸ್ಥೆಯ ಪದಾಧಿಕಾರಿಗಳು, ದಾನಿಗಳು, ಕೊನೆಗೆ ಪಾಲಕರು. ಇಷ್ಟರವರೆಗೆ ನಾನು ಮಾಡಿದ್ದರಲ್ಲಿ ತಪ್ಪಿರಲಿಲ್ಲ. ಇವತ್ತು ಮಾಡಿದರೂ ಹಾಗೆಯೇ ಮಾಡುತ್ತೇನೆ.

ಕೊನೆಯ ಪುಟದಲ್ಲಿ ವಸ್ತಿಗಳ ಹೆಸರು ಒಂದರ ಕೆಳಗೊಂದು ಇದ್ದವು. ಅದರ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಕೆಳಗೆ ಬರೆದೆ: ‘ಸಮಸ್ತ ಪಾಲಕ ಬಾಂಧವರಿಗೂ ಆದರದ ಸ್ವಾಗತ.’

ಹಿರಿಯ ಗುರುಗಳು ತಿದ್ದಿದ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಕೂತು ನಿಧಾನವಾಗಿ ಓದಿದರು. ಬೆರಳು ಇಟ್ಟು ಓದುತ್ತಿದ್ದರು. ಅಷ್ಟು ಕೆಂಪು ನೋಡಿ ಬೇಸರಪಡಬಹುದೆಂದು ನಾನು ಜಗಳಕ್ಕೆ ಸಿದ್ಧಳಾಗಿಯೇ ಇದ್ದೆ. ಅವರು ಬೇಸರಪಡಲಿಲ್ಲ. ಇಷ್ಟು ವರ್ಷ ಇಷ್ಟೊಂದು ತಪ್ಪು ಓದಿದೆನಲ್ಲ, ಯಾರೂ ಹೇಳಲಿಲ್ಲವಲ್ಲ ಎಂದು ನಾಚಿಕೊಂಡರು. ಕೊನೆಯ ಪುಟಕ್ಕೆ ಬಂದಾಗ ಮಾತ್ರ ಬೆರಳು ನಿಂತಿತು.

“ಬಾಯಾರ,” ಎಂದು ನನ್ನನ್ನು ಕರೆದರು, “ಇದೊಂದು ಇರ್ಲಿ ನೋಡ್ರಿ.”

ಸರ, ಇದು ಹಾಜರಿ ಕರೆದಂತೆ ಆಗುತ್ತದೆ, ಸ್ವಾಗತ ಆಗುವುದಿಲ್ಲ, ದೊಡ್ಡವರ ಎದುರು ಶೋಭಿಸುವುದಿಲ್ಲ ಎಂದೆ.

“ಹಾಜರೀನ ರೀ ಅದು. ತುಂಬಿದ ಸಭಾದಾಗ ಎದ್ದು ಓ ಅಂದ ಮ್ಯಾಲ ಮಾತ ಕೊಟ್ಟಂಗ. ವರ್ಷ ತುಂಬೂತನಕ ಹುಡುಗೂರನ್ನ ಸಾಲಿ ಬಿಡಸಂಗಿಲ್ಲ. ಯಾರ ಓ ಅನ್ನೂದಿಲ್ಲ, ಮರುದಿನ ಅವರ ಮನಿಗೆ ನಾ ಹೋಗಾಂವ.”

ಆಮೇಲೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ಮಾತು ತೆಗೆದರು. ಬೇವಿನಕಟ್ಟಿಯಿಂದ ಹೈಸ್ಕೂಲಿನವರೆಗೆ ಬಂದ ಹುಡುಗಿ ಅವಳೊಬ್ಬಳೇ. ಹಿಂದಿನ ವರ್ಷವೇ ಅವಳ ಲಗ್ನದ ಮಾತು ನಡೆದಿತ್ತಂತೆ. ಅವಳಪ್ಪ ಗ್ಯಾದರಿಂಗಿಗೆ ಬಂದು, ಓ ಎಂದು, ಅಂದ ಮಾತಿಗೆ ಕಟ್ಟುಬಿದ್ದು ಲಗ್ನ ಮುಂದಕ್ಕೆ ಹಾಕಿದ್ದನಂತೆ. ಈ ವರ್ಷವೂ ಅವನು ಓ ಅಂದರೆ ಹುಡುಗಿ ಹತ್ತನೆಯದು ಮುಗಿಸುತ್ತಾಳೆ ಎಂದರು. ಆ ಹುಡುಗಿ ನನಗೂ ಗೊತ್ತಿದ್ದಳು. ತರಗತಿಯಲ್ಲಿ ನಾನು ಗದ್ಯ ಓದಿಸುವಾಗ ಒಂದು ಅಕ್ಷರ ನುಂಗದೆ ಓದುತ್ತಿದ್ದವಳು. ಅವಳ ಓದನ್ನು ಕೇಳಲಿಕ್ಕೆಂದೇ ನಾನು ಅವಳಿಗೆ ಎರಡೆರಡು ಸಲ ಸರದಿ ಕೊಡುತ್ತಿದ್ದೆ.

ಇಷ್ಟು ತಿಳಿದೂ ನಾನು ಸೋಲಲಿಲ್ಲ. ಅವರ ಮನೆಗೆ ಹೋಗಿ ಹೇಳಿದರಾಯಿತು, ಅದಕ್ಕೆ ಸ್ವಾಗತ ಭಾಷಣವೇ ಯಾಕೆ ಬೇಕು ಎಂದು ವಾದಿಸಿದೆ. ಓದಿ ಓದಿ ಮರುಳಾದ ಕೂಚಂಭಟ್ಟನ ತಂಗಿ ನಾನು. ಹೆಡ್‌ಮಾಸ್ತರರು ನನ್ನ ಪರ ನಿಂತರು. ಹಿರಿಯರು ಕಾಗದ ಮಡಿಚಿ, ಭಾಷೆ ಬಲ್ಲವರು ನೀವು, ನೀವು ಅಂದಂತೆಯೇ ಆಗಲಿ ಎಂದು ಎದ್ದುಹೋದರು.

ಗ್ಯಾದರಿಂಗಿನ ದಿನ ಅವರು ನನ್ನ ಭಾಷಣವನ್ನು ಒಂದು ಅಕ್ಷರ ತಪ್ಪದೆ ಓದಿದರು. ಮನೆಯಲ್ಲಿ ಎಷ್ಟು ಸಲ ಓದಿ ರೂಢಿ ಮಾಡಿಕೊಂಡಿದ್ದರೋ. ಶಾಲೆ ಎಂಬಲ್ಲಿ ಒಮ್ಮೆಯೂ ಶಾಳೆ ಎನ್ನಲಿಲ್ಲ. ಸಮಸ್ತ ಪಾಲಕ ಬಾಂಧವರಿಗೂ ಎಂಬಲ್ಲಿಗೆ ಬಂದಾಗ ರೂಢಿಬಲದಿಂದ ಅವರ ಬಲಗೈ ಮೇಲೆದ್ದಿತು. ಕೆಳಗೆ ಜನ ಕೂತಲ್ಲೇ ಅಲುಗಾಡಿದರು, ಕೆಲವರು ಏಳಲು ಮಂಡಿ ಊರಿದರು. ಹಿರಿಯರು ನನ್ನ ಕಡೆ ಒಮ್ಮೆ ನೋಡಿ ಕೈ ಇಳಿಸಿ, ಆದರದ ಸ್ವಾಗತ ಎಂದು ಮುಗಿಸಿ ಕೂತರು. ಜನ ಚಪ್ಪಾಳೆ ತಟ್ಟಿದರು. ಸಾಹೇಬರು ತಮ್ಮ ಮಾತಿನಲ್ಲಿ, ಗಡಿಭಾಗದಲ್ಲಿ ಇಂಥ ಶುದ್ಧ ಕನ್ನಡ ಕೇಳಿ ಸಂತೋಷವಾಯಿತೆಂದರು. ಹೆಡ್‌ಮಾಸ್ತರರು ನನ್ನನ್ನು ತೋರಿಸಿದರು. ನಾನು ಎದ್ದು ನಮಸ್ಕಾರ ಮಾಡಿದೆ. ಸುಳ್ಳು ಯಾಕೆ ಹೇಳಲಿ, ಅಂದು ನನಗೆ ತುಂಬ ಖುಷಿಯಾಗಿತ್ತು.

ನಿವೃತ್ತಿಯ ದಿನ ಹಿರಿಯರು ಸದಲಗಾ ಕಡೆಯ ತಮ್ಮ ಊರಿಗೆ ಹೊರಡುವ ಮುನ್ನ ನನ್ನ ಬಳಿ ಬಂದು ನಿಂತರು. ಮೊಣಕಾಲು ನೋವು, ತಮ್ಮಿಂದ ಈ ಸಲ ಬೇವಿನಕಟ್ಟಿಗೆ ಹೋಗಲು ಆಗಲಿಲ್ಲ, ನೀವಾದರೂ ಒಮ್ಮೆ ಹೋಗಿಬನ್ನಿ ಎಂದು ಕೇಳಿಕೊಂಡರು. ಹೋಗುತ್ತೇನೆ ಎಂದೆ. ಆಗ ಪರೀಕ್ಷೆ ಇತ್ತು. ಪರೀಕ್ಷೆ ಮುಗಿಯುವಷ್ಟರಲ್ಲಿ ಪೇಪರು ತಿದ್ದುವುದು ಬಂತು. ಆಮೇಲೆ ಬಿಸಿಲು. ನಾನು ರಜೆಗೆ ಧಾರವಾಡಕ್ಕೆ ಹೋದೆ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಹತ್ತನೆಯ ತರಗತಿಯ ಹಾಜರಿ ನನ್ನದೇ. ಮೊದಲ ವಾರ ಅವಳ ಹೆಸರು ಕರೆದೆ, ಎರಡನೆಯ ವಾರವೂ ಕರೆದೆ. ಹುಡುಗಿಯರು ತಲೆ ತಗ್ಗಿಸುತ್ತಿದ್ದರು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಬೇವಿನಕಟ್ಟಿಗೆ ನಡೆದುಕೊಂಡು ಹೋದೆ. ಅಲ್ಲಿಗೆ ನಾನು ಹೋದದ್ದು ಅದೇ ಮೊದಲು. ಶಾಲೆಯಿಂದ ಹತ್ತು ನಿಮಿಷದ ದಾರಿ.

ಅವಳ ತಾಯಿ ಕಬ್ಬಿನ ಕಳೆ ತೆಗೆದು ಆಗಷ್ಟೇ ಬಂದಿದ್ದಳು. ಕಂಬಳಿ ಹಾಸಿ ಕೂರಿಸಿದಳು. ಮಗಳನ್ನು ಮೇ ತಿಂಗಳಲ್ಲಿ ಅಥಣಿ ಕಡೆಗೆ ಕೊಟ್ಟಾಗಿದೆ ಎಂದಳು. ನನಗೆ ತಡೆಯಲಾಗಲಿಲ್ಲ, ಸಿಟ್ಟೇ ಬಂತು. ಅವಳ ಓದು ಎಂಥದ್ದು ಎಂಬುದು ನಿಮಗೆ ಗೊತ್ತೇ, ಒಂದು ವರ್ಷ ತಡೆದಿದ್ದರೆ ಏನು ಹೋಗುತ್ತಿತ್ತು, ಗ್ಯಾದರಿಂಗಿಗಾದರೂ ಅವಳಪ್ಪ ಯಾಕೆ ಬರಲಿಲ್ಲ ಎಂದು ದಬಾಯಿಸಿ ಕೇಳಿದೆ.

“ಬಂದಿದ್ರಲ್ರೀ ಅಕ್ಕೋರ,” ಎಂದಳು ಆಕೆ, ದನಿ ಎತ್ತರಿಸದೆ. “ಕೆಲಸ ಬಿಟ್ಟು, ಒಗೆದ ಧೋತರ ಉಟ್ಕೊಂಡು ಬಂದಿದ್ರು. ಬೇವಿನಕಟ್ಟಿ ಅಂತ ಕರೀತಾರ, ಏಳಬೇಕಂತ ತಯಾರಾಗಿ ಕುಂತಿದ್ರು. ಕರೀಲಿಲ್ಲ. ಮನಿಗೆ ಬಂದು, ನಮ್ಮನ್ನ ಯಾರೂ ಕೇಳ್ಲಿಲ್ಲ, ನಾನೂ ಯಾರಿಗೂ ಮಾತ ಕೊಟ್ಟಿಲ್ಲ ಅಂದ್ರು. ಮರುವಾರ ಬೀಗರು ಬಂದ್ರು.”

ಆಗಲೂ ನನ್ನ ನಾಲಗೆ ಸುಮ್ಮನಿರಲಿಲ್ಲ. ಕರೆದಿದ್ದೆವಲ್ಲ, ಸಮಸ್ತ ಪಾಲಕರಿಗೂ ಸ್ವಾಗತ ಎಂದು ಓದಿದ್ದರಲ್ಲ, ನೀವೂ ಅದರಲ್ಲಿ ಬಂದಿರಲ್ಲ ಎಂದೆ.

ಆಕೆ ನನ್ನ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

“ಸಮಸ್ತರೊಳಗ ನಾವು ಯಾವಾಗ ಇದ್ದೇವ್ರಿ ಅಕ್ಕೋರ?”