ಕೂಸಿನ ಗಲ್ಲದ ಬೊಟ್ಟು

ಪಾಸ್‌ಪೋರ್ಟ್ ಫೋಟೋದಲ್ಲಿ ಏನೇನು ತಿದ್ದಬಹುದು ಎಂದು ಯಾರಾದರೂ ಕೇಳಿದರೆ ನನಗೀಗ ಸಿಟ್ಟು ಬರುತ್ತದೆ. ಅಳತೆಗೆ ಕತ್ತರಿಸಿ, ಮಬ್ಬಾಗಿದ್ದರೆ ಬೆಳಕು ತುಸು ಸರಿಮಾಡಿ, ಅಷ್ಟೇ. ಮುಖಕ್ಕೆ ಕೈ ಹಚ್ಚಬೇಡಿ. ಕನ್ನಡಕವಿದ್ದರೆ ತೆಗೆಸಿ ಮತ್ತೆ ಹೊಡೆಯಿರಿ, ಕಂಪ್ಯೂಟರಿನಲ್ಲಿ ಅಳಿಸಬೇಡಿ. ಕೂಸನ್ನು ಹಿಡಿದ ತಾಯಿಯ ಕೈ ಕಂಡರೆ ಬಿಳಿ ಬಟ್ಟೆಯ ಮೇಲೆ ಮಲಗಿಸಿ ಮತ್ತೆ ತೆಗೆಯಿರಿ. ಇದೆಲ್ಲ ನನಗೆ ಆಗಲೂ ಗೊತ್ತಿತ್ತು.

ದೇಶಪಾಂಡೆ ನಗರದ ನನ್ನ ಸ್ಟುಡಿಯೋಗೆ ಹೆಬ್ಬಳ್ಳಿಯ ಹೆಣ್ಣುಮಗಳೊಬ್ಬಳು ಎಂಟು ತಿಂಗಳ ಮಗಳನ್ನೆತ್ತಿಕೊಂಡು ಬಂದಳು. ದುಬೈನಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಅಲ್ಲಿಯ ಆಸ್ಪತ್ರೆ ಸೇರಿದ್ದ. ಡಾಕ್ಟರು ಕೈಚೆಲ್ಲಿದ್ದರು. ಮಗಳನ್ನು ಅವನು ಫೋನಿನಲ್ಲಿ ಮಾತ್ರ ನೋಡಿದ್ದ.

"ನನ್ನ ಪಾಸ್‌ಪೋರ್ಟ್ ಐತ್ರಿ ಅಣ್ಣಾರ. ಈಕಿದು ಲಗೂ ಆದ್ರ ಒಮ್ಮೆ ಈಕಿನ್ನ ಅವರ ಕೈಯಾಗ ಕೊಡತೇನ್ರಿ," ಅಂದಳು.

ಕೂಸು ಅತ್ತೂ ಅತ್ತೂ ಕೊನೆಗೆ ಕ್ಯಾಮೆರಾ ಕಡೆ ನೋಡಿತು. ಗಲ್ಲದ ಮೇಲೆ ಕರಿ ಬೊಟ್ಟು. ನಮ್ಮ ಕಡೆ ದೃಷ್ಟಿ ಬೊಟ್ಟಿಲ್ಲದೆ ಕೂಸನ್ನು ಯಾರು ಹೊರಗೆ ತರುತ್ತಾರೆ? ಒದ್ದೆ ಬಟ್ಟೆಯಿಂದ ಒರೆಸಿ ಇನ್ನೊಂದು ತೆಗೆಯುವುದು ನನ್ನ ರೂಢಿ. ಆದರೆ ಕೂಸು ಈಗಷ್ಟೇ ಸುಮ್ಮನಾಗಿತ್ತು, ಹೊರಗೆ ಗಿರಾಕಿಗಳು ಕಾಯುತ್ತಿದ್ದರು. ಕಂಪ್ಯೂಟರಿನಲ್ಲೇ ಅಳಿಸಿಬಿಟ್ಟೆ. ಆಕೆ ಫೋಟೋ ನೋಡಿದಳು. ಪಾಸ್‌ಪೋರ್ಟಿಗೆ ಹೀಗೇ ಇರಬೇಕೇನೋ ಅಂದುಕೊಂಡು, "ಛಂದ ಬಂದೈತ್ರಿ," ಎಂದು ಹೋದಳು.

ಮರುದಿನ ಪಾಸ್‌ಪೋರ್ಟ್ ಕಚೇರಿಯಿಂದ ನೇರ ನನ್ನ ಹತ್ತಿರ ಬಂದಳು. ಕೌಂಟರಿನಲ್ಲಿದ್ದ ಮೇಡಂ ಫೋಟೋ ನೋಡಿ, ಕೂಸನ್ನು ನೋಡಿ, ಮುಖ ತಿದ್ದಿದ ಫೋಟೋ ನಡೆಯುವುದಿಲ್ಲ ಎಂದು ವಾಪಸ್ ಕೊಟ್ಟಿದ್ದರು.

"ಅದು ಕಾಡಿಗಿ ಅಲ್ರಿ, ಹುಟ್ಟಿದಾಗಿಂದ ಇರೋ ಮಚ್ಚಿ," ಅಂದಳು.

ಒರೆಸಲು ಹೋಗಿದ್ದರೆ ಗೊತ್ತಾಗುತ್ತಿತ್ತು. ಅವಸರದಲ್ಲಿ ಬೇರೆ ಫೋಟೋ ತೆಗೆದು, ಆಟೋ ಮಾಡಿಕೊಂಡು ನಾನೂ ಹೋದೆ. ಕೌಂಟರ್ ಮುಚ್ಚಿತ್ತು. ಮತ್ತೆ ದಿನ ಗೊತ್ತುಮಾಡಿಕೊಂಡೇ ಬರಬೇಕೆಂದರು. ಸಿಕ್ಕಿದ್ದು ಎಂಟು ದಿನದ ಮೇಲೆ.

ಮಚ್ಚೆಯಿದ್ದ ಫೋಟೋ ಯಾವ ತಕರಾರೂ ಇಲ್ಲದೆ ಒಪ್ಪಿಗೆಯಾಯಿತು. ಪಾಸ್‌ಪೋರ್ಟ್ ಬಂತು, ವೀಸಾ ಬಂತು. ವಿಮಾನ ಹತ್ತಲು ನಾಲ್ಕು ದಿನ ಇದ್ದಾಗ ದುಬೈನಿಂದ ಫೋನ್ ಬಂತು, ಅವನು ತೀರಿಕೊಂಡಿದ್ದ. ನನ್ನಿಂದ ಹಾಳಾದದ್ದು ಎಂಟು ದಿನ, ಆಕೆಗೆ ಕಡಿಮೆ ಬಿದ್ದದ್ದು ನಾಲ್ಕು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದವನು ನಾನು, ಉಂಡವಳು ಆಕೆ.

ಗಂಡ ತೀರಿದ ಮೇಲೆ ಮನೆಯಲ್ಲೇ ಕಳೆಯಬೇಕಾದ ಇದ್ದತ್ತಿನ ತಿಂಗಳುಗಳು ಮುಗಿದ ಮೇಲೆ ಮಗಳನ್ನೆತ್ತಿಕೊಂಡು ಬಂದಳು. ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ಚೀಲದಿಂದ ಗಂಡನ ಫೋಟೋ ತೆಗೆದಳು. ಕುರ್ಚಿಯ ಮೇಲೆ ಒಬ್ಬನೇ ಕೂತ ಫೋಟೋ.

"ಕಂಪ್ಯೂಟರಿನಾಗ ಈಕಿನ್ನ ಅವರ ತೊಡಿ ಮ್ಯಾಲೆ ಕುಂದ್ರಿಸಿ ಕೊಡ್ರಿ ಅಣ್ಣಾರ. ಇದಕ್ಕ ಯಾರೂ ನಡ್ಯೂದಿಲ್ಲ ಅನ್ನಂಗಿಲ್ಲಲ್ರಿ?"

"ಇಲ್ಲವ್ವಾ ತಂಗಿ, ಯಾರೂ ಅನ್ನಂಗಿಲ್ಲ," ಅಂದೆ.